ಒಡೆದ ದನಿಗೆ ತುದಿ ಕಟ್ಟುವುದು ಹೇಗೆ?

ಫೋನಿನಲ್ಲಿ ಮಾತು ಜೋರಾಗಿ ರೆಕಾರ್ಡ್ ಆಗಿ ದನಿ ಒಡೆದಿದ್ದರೆ ಹೆಚ್ಚಿನವರು ಮೊದಲು ಮಾಡುವುದು ವಾಲ್ಯೂಮ್ ತಗ್ಗಿಸುವುದು. ಅದರಿಂದ ಕರಕರ ಸದ್ದು ಮೆಲ್ಲಗಾಗುತ್ತದೆ, ಹೋಗುವುದಿಲ್ಲ. ದನಿಯ ಅಲೆಯ ತುದಿಯೇ ಕತ್ತರಿಸಿ ಚಪ್ಪಟೆಯಾಗಿದೆ. ಎರಡು ಬದಿಯ ಇಳಿಜಾರನ್ನು ನೋಡಿ ಆ ತುದಿಯನ್ನು ಮತ್ತೆ ಕಟ್ಟಬೇಕು. ಕಂಪ್ಯೂಟರಿನಲ್ಲಿ ದನಿ ತಿದ್ದಲು ಉಚಿತವಾಗಿ ಸಿಗುವ Audacity ತಂತ್ರಾಂಶ ಇದಕ್ಕೆ ಸಾಕು.

ಮೊದಲು ಫೋನಿನಲ್ಲಿರುವ ಮೂಲ ಫೈಲನ್ನೇ ತೆಗೆದುಕೊಳ್ಳಿ. ಮೆಸೇಜ್ ಆ್ಯಪ್‌ನಲ್ಲಿ ವಾಯ್ಸ್ ನೋಟ್ ಆಗಿ ಹೋಗಿಬಂದದ್ದು ಬೇಡ. ಫೋನಿನ m4a ಫೈಲು Audacityಯಲ್ಲಿ ತೆರೆಯದಿದ್ದರೆ, ಅದನ್ನು ಓದಲು ನೆರವಾಗುವ FFmpeg ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ನಾಯ್ಸ್ ರಿಡಕ್ಷನ್, ಈಕ್ವಲೈಸರ್ ಯಾವುದನ್ನೂ ಈಗ ಮುಟ್ಟಬೇಡಿ: ಅವು ಚಪ್ಪಟೆ ತುದಿಯನ್ನು ಓರೆಯಾಗಿಸಿದರೆ ಆಮೇಲೆ ಅದನ್ನು ಗುರುತಿಸುವುದೇ ಕಷ್ಟ.

ಈಗ ಒಡೆದ ಒಂದು ಪದವನ್ನು, ಉದಾಹರಣೆಗೆ ಕೂಗಿ ಹೇಳಿದ ‘ಬಾ’ ಎಂಬುದನ್ನು, ಅಲೆಯ ಒಂದೊಂದು ಅಳತೆ, ಅಂದರೆ ಸ್ಯಾಂಪಲ್ಲು, ಚುಕ್ಕೆಯಾಗಿ ಕಾಣುವಷ್ಟು ಹಿಗ್ಗಿಸಿ ನೋಡಿ. ಫೋನ್ ಫೈಲನ್ನು ಕುಗ್ಗಿಸಿ ಉಳಿಸುವುದರಿಂದ ತುದಿ ಗೀಟೆಳೆದಂತೆ ನೇರವಾಗಿರದೆ, 0.93ರಿಂದ 1.0ರ ನಡುವೆ ಅಲುಗಾಡಿದಂತಿರಬಹುದು. ಎಲ್ಲರೂ ಎಡವುವುದು ಇಲ್ಲೇ. ಒಡೆದ ತುದಿಯನ್ನು ಕಟ್ಟಿಕೊಡುವುದು Effect ಮೆನುವಿನ Clip Fix. ಎಷ್ಟು ಎತ್ತರದಿಂದ ಮೇಲಿನದನ್ನು ಒಡೆದದ್ದೆಂದು ಎಣಿಸಬೇಕೆಂದು ಹೇಳುವ Threshold of Clipping ಅದರಲ್ಲಿ ತಾನಾಗಿ ಶೇಕಡಾ 95 ಇರುತ್ತದೆ. ಹಾಗೇ ಬಿಟ್ಟರೆ ಈ ತುದಿಯ ಅರ್ಧ ಭಾಗ ಮಾತ್ರ ಸಿಕ್ಕಿ, ಉಳಿದರ್ಧದ ಕರಕರ ಹಾಗೇ ಉಳಿಯುತ್ತದೆ. ಇದಕ್ಕೆ 92 ಸರಿ. ಹಾಗೆಂದು 70ಕ್ಕೆ ಇಳಿಸಿದರೆ ಕೆಡದ ತುದಿಗಳೂ ತಿದ್ದುಪಡಿಗೆ ಸಿಕ್ಕಿ ಮಾತು ಗುದ್ದಿದಂತೆ ಕೇಳುತ್ತದೆ.

ಈ ಶೇಕಡಾ ಲೆಕ್ಕ, ನೀವು ಆರಿಸಿದ ಭಾಗದಲ್ಲಿರುವ ಅತಿ ಎತ್ತರದ ತುದಿಯನ್ನು ಆಧರಿಸಿದ್ದು. ಆದ್ದರಿಂದ ಇಡೀ ಫೈಲನ್ನು ಒಟ್ಟಿಗೆ ಆರಿಸಬೇಡಿ, ಒಂದೆರಡು ಪದಗಳಂತೆ ಸಾಗಿ. ಫಲಿತಾಂಶ ಹಿಡಿಸದಿದ್ದರೆ Ctrl+Z ಒತ್ತಿ ಮೊದಲಿನಂತಾಗಿಸಿ, ಆಮೇಲೆ ಸಂಖ್ಯೆ ಬದಲಿಸಿ. ತಿದ್ದಿದ್ದರ ಮೇಲೇ ಮತ್ತೆ ಓಡಿಸಿದರೆ ಹೊಸ ತುದಿಯೇ ಅಳತೆಗೋಲಾಗಿ ಲೆಕ್ಕ ತಪ್ಪುತ್ತದೆ.

ಇನ್ನೊಂದು ಬಲೆ: Clip Fix ಹೊಸ ತುದಿಗೆ ಜಾಗ ಮಾಡಲು ಆರಿಸಿದ ಭಾಗವನ್ನು 9 ಡೆಸಿಬೆಲ್ ತಗ್ಗಿಸುತ್ತದೆ. ತುಂಡುತುಂಡಾಗಿ ತಿದ್ದುವಾಗ ಆ ಪದಗಳು ಮಾತ್ರ ಪಾತಾಳಕ್ಕಿಳಿದಂತೆ ಕೇಳುತ್ತವೆ. ಹಾಗಾಗಿ ಮೊದಲೇ Amplifyನಲ್ಲಿ -9 ಕೊಟ್ಟು ಇಡೀ ಟ್ರ್ಯಾಕ್ ತಗ್ಗಿಸಿ, Clip Fixನ ಆ ಅಂಕಿಯನ್ನು 0 ಮಾಡಿಕೊಳ್ಳಿ.

ಒಂದೇ ಒಂದು ತುದಿ ಹಟ ಹಿಡಿದರೆ ಅದರ ಚಪ್ಪಟೆ ಭಾಗವನ್ನಷ್ಟೇ ಆರಿಸಿ ಅದೇ Effect ಮೆನುವಿನ Repair ಒತ್ತಿ. ಅದು 128 ಸ್ಯಾಂಪಲ್‌ಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಚಪ್ಪಟೆ ಹತ್ತು ಹನ್ನೆರಡು ಚುಕ್ಕೆಯಷ್ಟಿದ್ದರೆ ಚೆನ್ನಾಗಿ ಕೂಡುತ್ತದೆ. ನಲವತ್ತು ದಾಟಿದರೆ ತುದಿ ಹೇಗಿತ್ತೆಂಬ ಸುಳಿವೇ ಉಳಿದಿರುವುದಿಲ್ಲ, ಯಂತ್ರ ಊಹಿಸುತ್ತದೆ ಅಷ್ಟೆ. ‘ಒಂದೇ ಬಟನ್‌ನಲ್ಲಿ ಸರಿ’ ಎನ್ನುವ ಆ್ಯಪ್‌ಗಳಲ್ಲಿ ಅನೇಕವು ಎತ್ತರದ ಸ್ವರಗಳನ್ನು ಕತ್ತರಿಸಿ ಮಂಕು ಮಾಡುತ್ತವೆ, ತುದಿ ಕಟ್ಟುವುದಿಲ್ಲ.

ಕೊನೆಗೆ Normalizeನಲ್ಲಿ -1 ಡೆಸಿಬೆಲ್‌ಗೆ ತಂದು WAV ಆಗಿ ಉಳಿಸಿ. ಮೂಲ ಫೈಲನ್ನು ಅಳಿಸಬೇಡಿ.