ಪರ್ವತದ ಬೇರು ಎಷ್ಟು ಆಳ? ಕಾಗದ-ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ

ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 5 ಕಿ.ಮೀ. ಅದರ ಅಡಿಯಲ್ಲಿ ಭೂಮಿಯ ಹೊರಚಿಪ್ಪು ಎಷ್ಟು ದಪ್ಪ ಇದೆ ಅಂತ ಕೊರೆದು ನೋಡಲು ಆಗುವುದಿಲ್ಲ. ಮನುಷ್ಯ ಇಲ್ಲಿಯವರೆಗೆ ಕೊರೆದಿರುವ ಅತಿ ಆಳದ ರಂಧ್ರವೇ 12 ಕಿ.ಮೀ. ಚಿಲ್ಲರೆ. ಆದರೂ ಆ ದಪ್ಪವನ್ನು ಹೆಚ್ಚುಕಮ್ಮಿ ಸರಿಯಾಗಿ ಹೇಳಲು ಎರಡು ಸಾಂದ್ರತೆಗಳು ಮತ್ತು ಸಮುದ್ರ ಮಟ್ಟದ ಸಾಧಾರಣ ನೆಲದ ಚಿಪ್ಪಿನ ದಪ್ಪ ಗೊತ್ತಿದ್ದರೆ ಸಾಕು. ಸ್ವೀಡನ್ನಿನ ಕರಾವಳಿ ಇವತ್ತಿಗೂ ಯಾಕೆ ಮೇಲೇಳುತ್ತಿದೆ ಎಂಬ ಲೆಕ್ಕಕ್ಕೂ ಇದೇ ದಾರಿ. ಇದರ ಹಿಂದಿರುವ ತತ್ವಕ್ಕೆ ಅಮೆರಿಕದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ 'ಐಸೋಸ್ಟಸಿ' ಎಂದು ಹೆಸರಿಟ್ಟರು.

ಹಂತ 1: ಬಕೆಟ್ ನೀರು, ಎರಡು ಮರದ ತುಂಡು

ಒಂದೇ ಮರದ ಎರಡು ತುಂಡು ತೆಗೆದುಕೊಳ್ಳಿ. ಒಂದು 2 ಸೆಂ.ಮೀ. ದಪ್ಪ, ಇನ್ನೊಂದು 6 ಸೆಂ.ಮೀ. ದಪ್ಪ. ಎರಡೂ ಚೆನ್ನಾಗಿ ಅಗಲ ಇರಲಿ, ಇಲ್ಲದಿದ್ದರೆ ದಪ್ಪನೆಯದು ಮಗುಚಿಕೊಳ್ಳುತ್ತದೆ. ಮರದ ಸಾಂದ್ರತೆ ನೀರಿನ ಹತ್ತರಲ್ಲಿ ಆರು ಪಾಲು ಎಂದಿಟ್ಟುಕೊಳ್ಳಿ. ಆಗ ಯಾವ ತುಂಡಾದರೂ ಹತ್ತರಲ್ಲಿ ಆರು ಪಾಲು ಮುಳುಗಿ, ನಾಲ್ಕು ಪಾಲು ಮೇಲಿರುತ್ತದೆ.

ತೆಳು ತುಂಡು ನೀರಿನ ಮೇಲೆ 0.8 ಸೆಂ.ಮೀ., ಕೆಳಗೆ 1.2 ಸೆಂ.ಮೀ. ದಪ್ಪ ತುಂಡು ಮೇಲೆ 2.4, ಕೆಳಗೆ 3.6. ಈಗ ಎರಡನ್ನೂ ಹೋಲಿಸಿ. ದಪ್ಪನೆಯದು ತೆಳುವಿಗಿಂತ 1.6 ಸೆಂ.ಮೀ. ಎತ್ತರ ನಿಂತಿದೆ, 2.4 ಸೆಂ.ಮೀ. ಆಳ ಇಳಿದಿದೆ. ಮೇಲೆ ಎದ್ದದ್ದರ ಒಂದೂವರೆ ಪಟ್ಟು ಕೆಳಗೆ ಇಳಿಯಿತು. ಈ ಒಂದೂವರೆ ಎಲ್ಲಿಂದ ಬಂತು? ಮರದ ಸಾಂದ್ರತೆಯನ್ನು, ನೀರು ಮತ್ತು ಮರದ ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿ. 0.6 ಭಾಗಿಸು 0.4. ಅಷ್ಟೇ ಸೂತ್ರ.

ಹಂತ 2: ಮರದ ಬದಲು ಕಲ್ಲು

ಖಂಡಗಳ ಹೊರಚಿಪ್ಪಿನ ಕಲ್ಲು ಘನ ಸೆಂಟಿಮೀಟರಿಗೆ ಸುಮಾರು 2.8 ಗ್ರಾಂ. ಅದರ ಕೆಳಗಿರುವ ಮ್ಯಾಂಟಲ್ ಸುಮಾರು 3.3 ಗ್ರಾಂ. ಚಿಪ್ಪು ಹಗುರ, ಮ್ಯಾಂಟಲ್ ಭಾರ. ಹಾಗಾಗಿ ಚಿಪ್ಪು ತೇಲುತ್ತದೆ. ಎತ್ತರದ ನೆಲದ ಅಡಿಯಲ್ಲಿ ಚಿಪ್ಪು ದಪ್ಪ ಮರದ ತುಂಡಿನ ಹಾಗೆ ಹೆಚ್ಚಾಗಿ ಕೆಳಗಿಳಿದ ಪಾಲೇ ಬೇರು.

```
ಬೇರು = ಎತ್ತರ × 2.8 ÷ (3.3 − 2.8) = ಎತ್ತರ × 5.6
```

ಟಿಬೆಟ್‌ಗೆ ಹಾಕಿ ನೋಡಿ. 5 ಕಿ.ಮೀ. ಎತ್ತರಕ್ಕೆ 28 ಕಿ.ಮೀ. ಬೇರು. ಸಮುದ್ರ ಮಟ್ಟದಲ್ಲಿರುವ ಸಾಧಾರಣ ನೆಲದ ಚಿಪ್ಪು 35 ಕಿ.ಮೀ. ದಪ್ಪ ಎಂದು ಹಿಡಿದರೆ, ಅದರ ಮೇಲೆ 5, ಕೆಳಗೆ 28. ಒಟ್ಟು 68 ಕಿ.ಮೀ. ಇಲ್ಲಿ ಮೇಲಿನ 5 ಸೇರಿಸಲು ಮರೆಯುವವರು ಜಾಸ್ತಿ. ಭೂಕಂಪದ ಅಲೆಗಳು ಚಿಪ್ಪು ದಾಟಿ ಮ್ಯಾಂಟಲ್ ಹೊಕ್ಕ ಕೂಡಲೇ ವೇಗ ಹೆಚ್ಚಿಸಿಕೊಳ್ಳುತ್ತವೆ. ಆ ಗಡಿಯನ್ನು ಹಿಡಿದು ದಪ್ಪ ಅಳೆದಾಗ ಟಿಬೆಟ್‌ನ ಹೆಚ್ಚಿನ ಭಾಗದಲ್ಲಿ 65ರಿಂದ 75 ಕಿ.ಮೀ. ಸಿಕ್ಕಿದೆ. ಕಾಗದದ ಲೆಕ್ಕಕ್ಕೆ ಇದು ಕೆಟ್ಟ ಫಲಿತಾಂಶವೇನಲ್ಲ ಅಲ್ವಾ?

ಒಂದು ಎಚ್ಚರಿಕೆ. 'ತೇಲುತ್ತದೆ' ಎಂದ ಕೂಡಲೇ ಕೆಳಗೆ ಲಾವಾ ಸಮುದ್ರ ಇದೆ ಅಂದುಕೊಳ್ಳಬೇಡಿ. ಮ್ಯಾಂಟಲ್ ಗಟ್ಟಿ ಕಲ್ಲು. ಆದರೆ ಅಲ್ಲಿ ಕಾವು ಎಷ್ಟಿದೆಯೆಂದರೆ, ಸಾವಿರಾರು ವರ್ಷ ಒಂದೇ ಸಮನೆ ಒತ್ತಿದರೆ ಆ ಕಲ್ಲೇ ನಿಧಾನಕ್ಕೆ ಸರಿದುಕೊಳ್ಳುತ್ತದೆ.

ಸೂತ್ರದಿಂದ ಇನ್ನೂ ಒಂದು ವಿಷಯ ಹೊರಡುತ್ತದೆ. ಮಳೆ, ನದಿ ಸೇರಿ ಪರ್ವತದ ತಲೆಯಿಂದ 1 ಕಿ.ಮೀ. ಕಲ್ಲು ಸವೆಸಿದರೆ ಎತ್ತರ 1 ಕಿ.ಮೀ. ಇಳಿಯುವುದಿಲ್ಲ. ಹೊರೆ ಇಳಿದದ್ದಕ್ಕೆ ಬೇರು ಮೇಲಕ್ಕೆ ಬರುತ್ತದೆ. 2.8 ಭಾಗಿಸು 3.3, ಅಂದರೆ ಸುಮಾರು 850 ಮೀಟರ್ ವಾಪಸ್. ನಿಜವಾಗಿ ಇಳಿಯುವುದು 150 ಮೀಟರ್ ಮಾತ್ರ. ಹಳೆಯ ಪರ್ವತಗಳು ಅಷ್ಟು ಕಾಲ ಉಳಿಯುವುದು ಇದರಿಂದಲೇ.

ಹಂತ 3: ತೂಗುಗುಂಡು ಹೇಳಿದ ಸಾಕ್ಷಿ

ಭೂಕಂಪದ ಅಲೆ ಓದುವ ಯಂತ್ರಗಳು ಬರುವ ಮೊದಲೇ ಈ ಬೇರಿನ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲಿ. 19ನೇ ಶತಮಾನದ ದೊಡ್ಡ ತ್ರಿಕೋನಮಿತಿ ಸರ್ವೇ ದಕ್ಷಿಣದಿಂದ ಹಿಮಾಲಯದವರೆಗೆ ಭಾರತವನ್ನು ಅಳೆಯುತ್ತಾ ಹೋಯಿತು. ಅದರ ಒಂದು ಆಧಾರರೇಖೆಯನ್ನು ವಿಲಿಯಂ ಲ್ಯಾಂಬ್ಟನ್ 1804ರಲ್ಲಿ ಬೆಂಗಳೂರಿನ ಬಳಿ ಅಳೆದಿದ್ದರು. ಆದರೆ ತಕರಾರು ಎದ್ದದ್ದು ಉತ್ತರದಲ್ಲಿ.

ಹಿಮಾಲಯಕ್ಕೆ ಹತ್ತಿರದ ಬಯಲಿನಲ್ಲಿ ಕಲಿಯಾನ, ಅಲ್ಲಿಂದ ಸುಮಾರು 600 ಕಿ.ಮೀ. ದಕ್ಷಿಣಕ್ಕೆ ಕಲಿಯಾನ್‌ಪುರ. ಎರಡರ ನಡುವಿನ ಅಂತರವನ್ನು ಎರಡು ರೀತಿ ಕಂಡುಹಿಡಿದರು. ಒಂದು, ನೆಲದ ಮೇಲೆ ತ್ರಿಕೋನ ಕಟ್ಟಿ ಅಳೆದದ್ದು. ಇನ್ನೊಂದು, ನಕ್ಷತ್ರ ನೋಡಿ ಅಕ್ಷಾಂಶ ತೆಗೆದದ್ದು. ಉತ್ತರಗಳು 5.236 ಸೆಕೆಂಡ್‌ಗಳಷ್ಟು ಬೇರೆ ಬಂದವು. ಇದು ಕೋನದ ಸೆಕೆಂಡ್, ಒಂದು ಡಿಗ್ರಿಯ 3,600ನೇ ಒಂದು ಭಾಗ. ನೆಲದ ಮೇಲೆ ಲೆಕ್ಕ ಹಾಕಿದರೆ ಸುಮಾರು 160 ಮೀಟರ್. 600 ಕಿ.ಮೀ.ಗೆ ಅಷ್ಟು ತಾನೇ ಅನ್ನಿಸಬಹುದು. ಆ ಸರ್ವೇಯವರ ಕೆಲಸದ ನಿಖರತೆಗೆ ಅದು ನುಂಗಲಾರದ ತುತ್ತು.

ನಕ್ಷತ್ರದ ಕೋನ ಅಳೆಯಲು ಮೊದಲು 'ನೆಟ್ಟಗೆ ಮೇಲೆ' ಯಾವುದು ಅಂತ ಗೊತ್ತಾಗಬೇಕು. ಅದನ್ನು ತೋರಿಸುವುದು ಗುರುತ್ವದ ದಿಕ್ಕು. ಗಾರೆ ಕೆಲಸದವರು ಗೋಡೆಗೆ ಇಳಿಬಿಡುವ ತೂಗುಗುಂಡು ತೋರಿಸುವುದೂ ಅದನ್ನೇ. ಪಕ್ಕದಲ್ಲಿ ಹಿಮಾಲಯದಂಥ ರಾಶಿ ಇದ್ದರೆ ಅದು ಗುಂಡನ್ನು ತನ್ನ ಕಡೆಗೆ ಚೂರು ಎಳೆಯುತ್ತದೆ. ಕಲ್ಕತ್ತದಲ್ಲಿ ಆರ್ಚ್‌ಡೀಕನ್ ಆಗಿದ್ದ ಗಣಿತಜ್ಞ ಜಾನ್ ಪ್ರ್ಯಾಟ್ ಈ ಎಳೆತವನ್ನು ಲೆಕ್ಕ ಹಾಕಿದರು. ಬಂದದ್ದು 15.885 ಸೆಕೆಂಡ್. ಇಲ್ಲೇ ಇರುವುದು ಮಜಾ. ಹಿಮಾಲಯ ಎಳೆಯಬೇಕಾದಷ್ಟು ಎಳೆದಿಲ್ಲ, ಮೂರರಲ್ಲಿ ಒಂದು ಪಾಲು ಮಾತ್ರ ಎಳೆದಿದೆ!

1855ರಲ್ಲಿ ಇದಕ್ಕೆ ಉತ್ತರ ಕೊಟ್ಟವರು ಗ್ರೀನಿಚ್‌ನ ಖಗೋಳಜ್ಞ ಜಾರ್ಜ್ ಏರಿ. ಪರ್ವತದ ಕೆಳಗೆ ಹಗುರ ಕಲ್ಲಿನ ಬೇರಿದೆ, ಅದು ಭಾರದ ಕಲ್ಲಿನ ಜಾಗವನ್ನು ಆಕ್ರಮಿಸಿದೆ ಎಂದರು. ಮೇಲೆ ರಾಶಿ ಜಾಸ್ತಿ, ಕೆಳಗೆ ರಾಶಿ ಕಮ್ಮಿ. ಮೇಲಿನ ಎಳೆತದ ದೊಡ್ಡ ಪಾಲನ್ನು ಕೆಳಗಿನ ಕೊರತೆ ತಿಂದುಹಾಕುತ್ತದೆ. ನಾವು ಹಂತ 2ರಲ್ಲಿ ಹಾಕಿದ್ದು ಏರಿಯ ಈ ಲೆಕ್ಕವನ್ನೇ.

ಹಂತ 4: ಈಗ ಮಂಜುಗಡ್ಡೆಯ ಹೊರೆ ಹೊರಿಸಿ

ಬಕೆಟ್‌ನ ಮರದ ಮೇಲೆ ಒಂದು ಕಲ್ಲಿಡಿ, ಮುಳುಗುತ್ತದೆ. ಎತ್ತಿಬಿಡಿ, ಮೇಲೇಳುತ್ತದೆ. ನೀರಿನ ಬದಲು ಜೋನಿ ಬೆಲ್ಲ ಇದ್ದರೆ ಏಳುವುದು ನಿಧಾನ. ಮ್ಯಾಂಟಲ್‌ನಲ್ಲಿ ಈ 'ನಿಧಾನ'ಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ.

ಸುಮಾರು 20,000 ವರ್ಷ ಹಿಂದೆ ಸ್ವೀಡನ್, ಫಿನ್ಲೆಂಡ್, ನಾರ್ವೆಗಳ ಮೇಲೆ ಮಂಜುಗಡ್ಡೆ ಹೊದ್ದುಕೊಂಡಿತ್ತು. ನಡುವಿನಲ್ಲಿ ದಪ್ಪ ಸುಮಾರು 3 ಕಿ.ಮೀ. ಮಂಜುಗಡ್ಡೆಯ ಸಾಂದ್ರತೆ 0.92. ಅದು ತನ್ನ ತೂಕದಷ್ಟು ಮ್ಯಾಂಟಲನ್ನು ಕೆಳಗಿನಿಂದ ಪಕ್ಕಕ್ಕೆ ಸರಿಸಬೇಕು.

```
ಕುಸಿತ = 3000 ಮೀ. × 0.92 ÷ 3.3 ≈ 840 ಮೀ.
```

ಇದು ಪೂರ್ತಿ ಸಮತೋಲ ಮುಟ್ಟಿದರೆ ಆಗುವ ಕುಸಿತ. ಸುಮಾರು 10,000 ವರ್ಷ ಹಿಂದೆ ಆ ಗಡ್ಡೆ ಹೆಚ್ಚುಕಮ್ಮಿ ಕರಗಿ ಮುಗಿಯಿತು. ನೆಲ ಇನ್ನೂ ಏಳುತ್ತಿದೆ. ಉತ್ತರ ಸ್ವೀಡನ್ನಿನ ಕರಾವಳಿಯಲ್ಲಿ ಈಗಲೂ ವರ್ಷಕ್ಕೆ 8-9 ಮಿ.ಮೀ.

ಸ್ವೀಡನ್ನಿನ ಹೋಗಾ ಕುಸ್ಟೆನ್ ಕರಾವಳಿಯಲ್ಲಿ ಹಳೆಯ ಸಮುದ್ರದಂಡೆಯ ಗುರುತು ಈಗಿನ ನೀರಿಗಿಂತ 286 ಮೀಟರ್ ಮೇಲಿದೆ. ಅದಕ್ಕಿಂತ ಕೆಳಗೆ ಅಲೆ ತೊಳೆದ ಕಲ್ಲು, ಮೇಲೆ ಅಲೆ ಮುಟ್ಟದ ಮಣ್ಣು. ಈಗ ಒಂದು ಸಣ್ಣ ಲೆಕ್ಕ. ವರ್ಷಕ್ಕೆ 8 ಮಿ.ಮೀ.ನಂತೆ 10,000 ವರ್ಷಕ್ಕೆ 80 ಮೀಟರ್. ಗುರುತು ಇರುವುದು 286ರಲ್ಲಿ. ಅಂದರೆ ಮೊದಮೊದಲು ನೆಲ ಇದಕ್ಕಿಂತ ಎಷ್ಟೋ ಜೋರಾಗಿ ಎದ್ದಿರಲೇಬೇಕು. ಹಾಗಾದರೆ 840 ಎಲ್ಲಿ ಹೋಯಿತು? ಗಡ್ಡೆ ತೆಳುವಾಗುತ್ತಿದ್ದಾಗಲೇ ನೆಲ ಏಳಲು ಶುರುವಾಗಿತ್ತು. ಆಗ ಅಲ್ಲಿ ದಂಡೆಯ ಗುರುತು ಕೊರೆಯಲು ಸಮುದ್ರವೇ ಇರಲಿಲ್ಲ. ಆ ಪಾಲು ಕಲ್ಲಿನ ಮೇಲೆ ದಾಖಲಾಗಲೇ ಇಲ್ಲ.

ಹಂತ 5: ಎದ್ದದ್ದು ನೆಲವೋ, ಇಳಿದದ್ದು ನೀರೋ?

ಉಷ್ಣಾಂಶದ ಅಳತೆಗೆ ಹೆಸರು ಕೊಟ್ಟ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಯೆವ್ಲೆ ಪಟ್ಟಣದ ಬಳಿಯ ಲೋವ್‌ಗ್ರುಂಡ್ ದ್ವೀಪದಲ್ಲಿ, ಆಗಿನ ನೀರಿನ ಮಟ್ಟಕ್ಕೆ ಸರಿಯಾಗಿ ಬಂಡೆಯ ಮೇಲೆ ಗೆರೆ ಕೊರೆಸಿದರು. ಬಂಡೆಯ ಆಯ್ಕೆಯೂ ಸುಮ್ನೆ ಅಲ್ಲ. ಸೀಲ್‌ಗಳು ನೀರಿನಿಂದ ಹತ್ತಿ ಮಲಗುವ ಬಂಡೆಗಳು ಬೇಟೆಗಾರರಿಗೆ ಆಸ್ತಿ. ಬಂಡೆ ಎತ್ತರವಾಗಿ ಸೀಲ್ ಹತ್ತಲಾಗದಂತಾದರೆ ಅದು ಕೆಲಸಕ್ಕೆ ಬಾರದು. ಹಾಗಾಗಿ ಅವುಗಳ ಬಗ್ಗೆ ಹಳೆಯ ಕಾಗದಪತ್ರ ಸಿಗುತ್ತಿತ್ತು. ಈಗ ಆ ಗೆರೆ ನೀರಿಗಿಂತ ಸುಮಾರು 2 ಮೀಟರ್ ಮೇಲಿದೆ. ಸೆಲ್ಸಿಯಸ್ ಮಾತ್ರ ಸಮುದ್ರದ ನೀರು ಕಮ್ಮಿಯಾಗುತ್ತಿದೆ ಎಂದೇ ನಂಬಿದ್ದರು.

ಅದು ಸರಿಯಲ್ಲ ಅಂತ ಗೊತ್ತಾಗುವುದು ಹೀಗೆ. ನೀರು ಇಳಿದಿದ್ದರೆ ಇಡೀ ಬಾಲ್ಟಿಕ್ ತೀರದಲ್ಲಿ ಒಂದೇ ಸಮ ಇಳಿಯಬೇಕಿತ್ತು. ಆದರೆ ಉತ್ತರದಲ್ಲಿ ಗುರುತುಗಳು ಬೇಗ ಬೇಗ ಮೇಲೇರುತ್ತವೆ, ದಕ್ಷಿಣ ತುದಿಯ ಸ್ಕೋನೆಯಲ್ಲಿ ಹೆಚ್ಚುಕಮ್ಮಿ ಅಲ್ಲಾಡುವುದಿಲ್ಲ. ಗಡ್ಡೆ ದಪ್ಪ ಇದ್ದ ಕಡೆ ಏರಿಕೆ ಜಾಸ್ತಿ. ನೀರು ಹೀಗೆ ಓರೆಯಾಗಿ ಇಳಿಯುವುದಿಲ್ಲ, ನೆಲ ಓರೆಯಾಗಿ ಏಳಬಹುದು. ಈಗ ಜಿಪಿಎಸ್ ಕೇಂದ್ರಗಳು ಸಮುದ್ರದ ಹಂಗೇ ಇಲ್ಲದೆ ಇದನ್ನು ಅಳೆಯುತ್ತವೆ. ಅದು ಬೇಕು ಕೂಡ. ಸಮುದ್ರ ಮಟ್ಟವೂ ಏರುತ್ತಿರುವುದರಿಂದ ದಂಡೆಯ ಗುರುತನ್ನಷ್ಟೇ ನಂಬಿದರೆ ನೆಲದ ಏರಿಕೆ ಕಮ್ಮಿ ಕಾಣುತ್ತದೆ.

ಉತ್ತರ ಸ್ವೀಡನ್ನಿನ ಲುಲಿಯೊ ಊರಿನವರಿಗೆ ಈ ವಾದ ಏನೂ ಬೇಕಿರಲಿಲ್ಲ. ಬಂದರು ಆಳ ಕಳೆದುಕೊಂಡು ಹಡಗು ಬರುವುದೇ ಕಷ್ಟವಾದಾಗ 1649ರಲ್ಲಿ ಪಟ್ಟಣವನ್ನೇ ಸಮುದ್ರದ ಕಡೆಗೆ ಸ್ಥಳಾಂತರಿಸಿದರು. ಹಳೆಯ ಊರು ಗಮೆಲ್‌ಸ್ಟಾಡ್ ತನ್ನ ಕಲ್ಲಿನ ಚರ್ಚಿನ ಸುತ್ತ ಈಗಲೂ ಇದೆ, ನೀರಿನಿಂದ ದೂರದಲ್ಲಿ.

ಹಂತ 6: ಲೆಕ್ಕ ಎಲ್ಲಿ ಕೈಕೊಡುತ್ತದೆ

ನಂದಿ ಬೆಟ್ಟ ಸುತ್ತಲಿನ ನೆಲಕ್ಕಿಂತ ಸುಮಾರು 600 ಮೀಟರ್ ಎತ್ತರ. ಅದನ್ನು 5.6ರಿಂದ ಗುಣಿಸಿ 3 ಕಿ.ಮೀ. ಚಿಲ್ಲರೆ ಬೇರಿದೆ ಅಂದುಬಿಡಬೇಡಿ. ಮರದ ತುಂಡುಗಳ ಹಾಗೆ ಭೂಮಿಯ ಹೊರಭಾಗ ಬಿಡಿಬಿಡಿಯಾಗಿಲ್ಲ. ಅದು ಗಡುಸು ಹಲಗೆ, ಒಂದು ಬೆಟ್ಟದ ಭಾರವನ್ನು ಬಗ್ಗದೆಯೇ ಹೊತ್ತುಕೊಳ್ಳುತ್ತದೆ. ನೂರಾರು ಕಿ.ಮೀ. ಅಗಲದ ಹೊರೆ ಇದ್ದಾಗ ಮಾತ್ರ ಈ ಸೂತ್ರ ಹಿಡಿಯಿರಿ.

ಇನ್ನೊಂದು ಕಷ್ಟ ಸಾಂದ್ರತೆಯದು. ಚಿಪ್ಪಿಗೆ 2.8 ಬದಲು 2.9 ಹಾಕಿ ನೋಡಿ. ಗುಣಕ 5.6 ಇದ್ದದ್ದು 7.25 ಆಗುತ್ತದೆ, ಟಿಬೆಟ್‌ನ ಬೇರು 28ರಿಂದ 36 ಕಿ.ಮೀ.ಗೆ ಜಿಗಿಯುತ್ತದೆ. ಭಾಗಿಸುವ ಸಂಖ್ಯೆ ಎರಡು ಹತ್ತಿರದ ಸಾಂದ್ರತೆಗಳ ವ್ಯತ್ಯಾಸ ಆಗಿರುವುದರಿಂದ ಸಣ್ಣ ತಪ್ಪೂ ಹಿಗ್ಗಿಬಿಡುತ್ತದೆ.

ಇದಕ್ಕೆ ಉದಾಹರಣೆ ನಮ್ಮ ಕಾಲಡಿಯಲ್ಲೇ ಇದೆ. ಪಶ್ಚಿಮ ಧಾರವಾಡ ಶಿಲಾವಲಯ ಎಂದು ಕರೆಯುವ ಭಾಗದಲ್ಲಿ ನೆಲದ ಎತ್ತರ ಒಂದು ಕಿ.ಮೀ. ಆಸುಪಾಸು. ಸೂತ್ರದ ಪ್ರಕಾರ ಚಿಪ್ಪು 42 ಕಿ.ಮೀ. ಹತ್ತಿರ ಇರಬೇಕು. ಭೂಕಂಪದ ಅಲೆಗಳು ಕೆಲವು ಕಡೆ 50 ಕಿ.ಮೀ. ತನಕ ತೋರಿಸುತ್ತವೆ. ಬೇರು ಅಷ್ಟು ಇದ್ದರೂ ಮೇಲೆ ಅದಕ್ಕೆ ತಕ್ಕ ಪರ್ವತ ಇಲ್ಲ. ಚಿಪ್ಪಿನ ತಳಭಾಗದ ಕಲ್ಲು ಮಾಮೂಲಿಗಿಂತ ಭಾರ, ಹಾಗಾಗಿ ಅದು ಮೇಲಕ್ಕೆ ಎತ್ತುವುದು ಕಮ್ಮಿ ಎಂಬುದು ಇದಕ್ಕೆ ಕೊಡುವ ಒಂದು ಮುಖ್ಯ ವಿವರಣೆ. ಅಂಥ ಕಡೆ ಲೆಕ್ಕವನ್ನು ಎತ್ತರದಿಂದ ಶುರು ಮಾಡಿದರೆ ನಡೆಯುವುದಿಲ್ಲ. ಮೊದಲು ಅಲೆಗಳ ವೇಗದಿಂದ ಕಲ್ಲಿನ ಸಾಂದ್ರತೆ ಅಂದಾಜಿಸಿ, ಆಮೇಲೆ ಸೂತ್ರಕ್ಕೆ ಕೈ ಹಾಕಬೇಕು.