ಮಿದುಳಿನ ಎಂಆರ್‌ಐ ವರದಿಯನ್ನು ಮನೆಯವರಿಗೆ ಬಿಡಿಸಿ ಹೇಳುವುದು ಹೇಗೆ?

ವರದಿ ಕೈಗೆ ಬಂದ ಕೂಡಲೇ ಆಸ್ಪತ್ರೆಯ ವರಾಂಡದಲ್ಲೇ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಒಂದೊಂದೇ ಪದವನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ನ್ಯೂರೋ ವಾರ್ಡಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆ ಹುಡುಕಿದವರಿಗೆ ಮೊದಲು ಸಿಗುವುದು ಅತಿ ಕೆಟ್ಟ ಗೆಡ್ಡೆಯ ಹೆಸರು. ಆಮೇಲೆ ಡಾಕ್ಟರ್ ಏನು ಹೇಳಿದರೂ ಕಿವಿಗೆ ಇಳಿಯುವುದಿಲ್ಲ.

ವರದಿ ಹೀಗಿದೆ ಎಂದುಕೊಳ್ಳಿ: ಬಲ ಫ್ರಾಂಟಲ್ ಲೋಬ್‌ನಲ್ಲಿ 4 ಸೆಂ.ಮೀ. ಗಾತ್ರದ, ದಪ್ಪ ಮತ್ತು ಏರುಪೇರಾದ ಅಂಚಿನ ರಿಂಗ್ ಎನ್‌ಹಾನ್ಸಿಂಗ್ ಲೀಶನ್, ಸುತ್ತ ಎಡಿಮಾ, ಎಡಕ್ಕೆ 6 ಮಿ.ಮೀ. ಮಿಡ್‌ಲೈನ್ ಶಿಫ್ಟ್. ಅಂದರೆ ಮಿದುಳಿನ ಬಲ ಮುಂಭಾಗದಲ್ಲಿ ಉಂಗುರದಂತೆ ಬೆಳಗುವ ಒಂದು ಗಂಟು. ರೋಗಿಯ ಅಕ್ಕನಿಗೆ ಇದನ್ನು ಹೇಳಬೇಕು.

ಮೊದಲು ಅವರನ್ನು ಕೂರಿಸಿ. ಫಿಲ್ಮ್ ತೋರಿಸುವುದಾದರೆ, ಚಿತ್ರದ ಎಡಬದಿಯೇ ರೋಗಿಯ ಬಲಬದಿ ಎಂದು ಹೇಳಿಬಿಡಿ.

ಎರಡನೆಯದಾಗಿ ಎಡಿಮಾ. ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ, ರಿಂಗ್‌ನಿಂದಲ್ಲ. ನಲ್ಲಿ ಸೋರುವ ಕಡೆ ಗೋಡೆ ಸುತ್ತಲೂ ತೇವ ಹಿಡಿಯುವಂತೆ, ಗಂಟಿನ ಸುತ್ತಲಿನ ಮಿದುಳು ನೀರು ಕುಡಿದು ಊದಿಕೊಂಡಿದೆ. ತಲೆನೋವು, ಎಡಗೈ ಸೋಲುವುದು ಇವಕ್ಕೆಲ್ಲ ಗಂಟಿನಷ್ಟೇ ಈ ಊತವೂ ಕಾರಣ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಗೆಲುವಾಗುತ್ತಾರೆ. ಇಳಿದದ್ದು ಊತ, ಗಂಟು ಅಲ್ಲೇ ಇದೆ. ಇದನ್ನು ಆಗಲೇ ಹೇಳಿಡಿ. ‘ಗುಣವಾಯಿತು’ ಎಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದವರು ಮತ್ತೆ ವಾರ್ಡಿಗೆ ಬಂದದ್ದಿದೆ. ಈ ಮಾತ್ರೆ ಸಕ್ಕರೆ ಅಂಶವನ್ನೂ ಏರಿಸುತ್ತದೆ. ಯಾರದೋ ಹಳೇ ಚೀಟಿ ತೋರಿಸಿ ಅಂಗಡಿಯಿಂದ ತಂದು ಕೊಡಲೇಬೇಡಿ: ಲಿಂಫೋಮಾ ಎಂಬ ಗೆಡ್ಡೆಯಾಗಿದ್ದರೆ ಸ್ಟೀರಾಯ್ಡ್‌ಗೆ ಅದು ಕುಗ್ಗಿ, ತುಣುಕು ತೆಗೆದು ಮಾಡುವ ಬಯಾಪ್ಸಿ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಮೂರನೆಯದು ಮಿಡ್‌ಲೈನ್ ಶಿಫ್ಟ್. ತಲೆಬುರುಡೆ ಹಿಗ್ಗುವುದಿಲ್ಲ. ಬಲಗಡೆ ಜಾಗ ಸಾಲದಾದಾಗ ಮಿದುಳಿನ ನಡುಗೆರೆ ಎಡಕ್ಕೆ ಸರಿಯುತ್ತದೆ, ಆ ಸರಿದಷ್ಟನ್ನು ಮಿ.ಮೀ. ಲೆಕ್ಕದಲ್ಲಿ ಬರೆಯುತ್ತಾರೆ. 5 ದಾಟಿದರೆ ಸಾಮಾನ್ಯವಾಗಿ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಆದರೂ ನಿಧಾನ ಬೆಳೆದ ಗೆಡ್ಡೆಯಲ್ಲಿ ಅದಕ್ಕಿಂತ ಹೆಚ್ಚು ಸರಿದಿದ್ದವರೂ ಚೆನ್ನಾಗಿ ಮಾತಾಡುತ್ತಿರುತ್ತಾರೆ. ಮನೆಯವರು ನೋಡಬೇಕಾದದ್ದು ಆ ಅಂಕಿಯನ್ನಲ್ಲ, ರೋಗಿಯನ್ನು. ಮಂಪರು ಹೆಚ್ಚುತ್ತಿದ್ದರೆ, ಮತ್ತೆಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

ಕೊನೆಗೆ ರಿಂಗ್. ಹೆಚ್ಚಿನವರು ಎಡವುವುದು ಇಲ್ಲೇ. ಸ್ಕ್ಯಾನ್ ನಡುವೆ ಕೈಯ ನರಕ್ಕೆ ಗ್ಯಾಡೋಲಿನಿಯಂ ಇರುವ ಔಷಧಿ ಚುಚ್ಚುತ್ತಾರೆ. ಮಿದುಳಿನ ರಕ್ತನಾಳಗಳು ಅದನ್ನು ಹೊರಬಿಡುವುದಿಲ್ಲ. ನಾಳದ ಗೋಡೆ ಕೆಟ್ಟ ಕಡೆ ಅದು ಸೋರಿ ಬೆಳ್ಳಗೆ ಕಾಣುತ್ತದೆ. ಗಂಟಿನ ಅಂಚಿಗೆ ರಕ್ತ ಹರಿಯುತ್ತಿದೆ, ಹಾಗಾಗಿ ಅಂಚು ಬೆಳಗುತ್ತದೆ. ನಡುವೆ ಸತ್ತ ಜೀವಕೋಶವೋ ಕೀವೋ ತುಂಬಿರುವುದರಿಂದ ಕಪ್ಪಾಗಿ ಉಳಿಯುತ್ತದೆ. ಹೀಗೆ ಉಂಗುರ ಮೂಡುತ್ತದೆ. ಅದು ಒಂದು ರೂಪ, ಕಾಯಿಲೆಯ ಹೆಸರಲ್ಲ. ಮಿದುಳಿನಲ್ಲೇ ಹುಟ್ಟುವ ಗ್ಲಿಯೋಬ್ಲಾಸ್ಟೋಮಾ ಎಂಬ ಕೆಟ್ಟ ಗೆಡ್ಡೆಯಲ್ಲೂ, ಶ್ವಾಸಕೋಶ ಅಥವಾ ಸ್ತನದಿಂದ ಹರಡಿದ ಕ್ಯಾನ್ಸರಿನಲ್ಲೂ, ಕೀವುಗಂಟಿನಲ್ಲೂ ಉಂಗುರ ಕಾಣುತ್ತದೆ. ನಮ್ಮ ದೇಶದಲ್ಲಿ ಕ್ಷಯದ ಗಂಟು, ಲಾಡಿಹುಳುವಿನ ಮರಿ ಸೇರಿಕೊಂಡದ್ದು, ಇವೂ ಆಗಿರಬಹುದು.

ಸುಳಿವುಗಳಿವೆ. ಲಾಡಿಹುಳುವಿನ ಉಂಗುರ ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದು, ಕೆಲವೊಮ್ಮೆ ಒಳಗೊಂದು ಚುಕ್ಕೆ ಇರುತ್ತದೆ. ಕೀವುಗಂಟಿನ ಅಂಚು ತೆಳ್ಳಗೆ ನುಣುಪಾಗಿರುತ್ತದೆ, ಡಿಫ್ಯೂಶನ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ನಡುಭಾಗ ಬೆಳಗುತ್ತದೆ. ನಮ್ಮ ವರದಿಯ 4 ಸೆಂ.ಮೀ. ಗಾತ್ರ, ದಪ್ಪ ಏರುಪೇರು ಅಂಚು ಗೆಡ್ಡೆಯ ಕಡೆಗೇ ಬೆರಳು ಮಾಡುತ್ತವೆ. ‘ಬರೀ ನೀರು ತುಂಬಿದೆ, ಏನೂ ಇಲ್ಲ’ ಎನ್ನಬೇಡಿ. ‘ಕ್ಯಾನ್ಸರೇ’ ಎಂದೂ ತೀರ್ಪು ಕೊಡಬೇಡಿ. ನಾನಾದರೆ ಹೀಗೆ ಹೇಳುತ್ತೇನೆ: “ಅಕ್ಕ, ಒಳಗೊಂದು ಗಂಟಿದೆ. ನೋಡಿದರೆ ಗೆಡ್ಡೆಯ ಅನುಮಾನ ಜಾಸ್ತಿ. ಯಾವ ಜಾತಿಯದು ಅಂತ ಚಿತ್ರ ಹೇಳಲ್ಲ, ತುಣುಕು ತೆಗೆದು ಪರೀಕ್ಷೆ ಮಾಡಿದರೇನೇ ಗೊತ್ತಾಗೋದು. ಊತ ಇಳಿಸೋ ಔಷಧಿ ಇವತ್ತೇ ಶುರು ಮಾಡಬೇಕಾ ಅಂತ ಡಾಕ್ಟರನ್ನ ಕೇಳೋಣ.” ಹೇಳಿ ಸುಮ್ಮನಿರಿ, ಅವರು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಿ.

ಈ ಹೊತ್ತಿಗೇ ಗೆಡ್ಡೆ ಕರಗಿಸುವ ಪುಡಿ, ಕಷಾಯದ ಬಾಟಲಿ ಹಿಡಿದು ಬರುವವರಿರುತ್ತಾರೆ. ದುಡ್ಡೂ ಹೋಗುತ್ತದೆ, ದಿನಗಳೂ ಹೋಗುತ್ತವೆ. ವಾಟ್ಸಾಪಿನಲ್ಲಿ ವರದಿಯ ಒಂದು ಪುಟದ ಫೋಟೊ ಕಳಿಸಿ ಎರಡನೇ ಅಭಿಪ್ರಾಯ ಕೇಳುವುದೂ ವ್ಯರ್ಥ. ನ್ಯೂರೋಸರ್ಜನ್ ನೋಡುವುದು ಚಿತ್ರಗಳನ್ನು, ಆದ್ದರಿಂದ ಎಲ್ಲ ಚಿತ್ರಗಳಿರುವ ಸಿ.ಡಿ.ಯನ್ನು ಸ್ಕ್ಯಾನ್ ಸೆಂಟರಿನಲ್ಲೇ ಕೇಳಿ ಪಡೆದು ಜೊತೆಗೆ ಒಯ್ಯಿರಿ.