ಏಪ್ರಿಲ್ ತಿಂಗಳ ಬೆಣ್ಣೆ ಮತ್ತು ಹರಡಿಹೋದ ಕುಕೀಸ್

ತುಮಕೂರಿನ ನನ್ನ ಮನೆಯಲ್ಲಿ ಡಿಸೆಂಬರಿನಲ್ಲಿ ಚೆನ್ನಾಗಿ ಬರುತ್ತಿದ್ದ ಕುಕೀಸ್, ಅದೇ ಅಳತೆಯಲ್ಲಿ ಮಾಡಿದರೂ ಏಪ್ರಿಲ್‌ನಲ್ಲಿ ದೋಸೆಯಂತೆ ಹರಡಿ ಒಂದಕ್ಕೊಂದು ಅಂಟಿಕೊಂಡವು. 120 ಗ್ರಾಂ ಬೆಣ್ಣೆ, 120 ಗ್ರಾಂ ಸಕ್ಕರೆ, 180 ಗ್ರಾಂ ಮೈದಾ, ಒಂದು ಮೊಟ್ಟೆ ಮತ್ತು ಕಾಲು ಚಮಚ ಅಡುಗೆ ಸೋಡಾ ನನ್ನ ಅಳತೆ. ಹಿಟ್ಟು ಸಡಿಲವಾಗಿದೆಯೆಂದು ಭಾವಿಸಿ ಮುಂದಿನ ಸಲ 40 ಗ್ರಾಂ ಮೈದಾ ಹೆಚ್ಚಿಸಿದೆ. ಹರಡುವುದು ನಿಂತಿತು, ಆದರೆ ಆರಿದ ಮೇಲೆ ಕಚ್ಚಲಾಗದಷ್ಟು ಗಟ್ಟಿಯಾದವು. ತಪ್ಪು ಮೈದಾದಲ್ಲಿರಲಿಲ್ಲ.

ಅಂದು ಅಡುಗೆಮನೆಯ ಉಷ್ಣಾಂಶ 34 ಡಿಗ್ರಿ ಇತ್ತು. ಬೆಣ್ಣೆ ಕರಗುವುದು ಬಹುಮಟ್ಟಿಗೆ ಅದರ ಆಸುಪಾಸಿನಲ್ಲೇ. ಹೊರಗಿಟ್ಟ ಬೆಣ್ಣೆ ಮೆತ್ತಗಾಗುವ ಹಂತವನ್ನು ದಾಟಿ ಎಣ್ಣೆ ಬಿಡಲಾರಂಭಿಸಿತ್ತು. ಅಂಥ ಬೆಣ್ಣೆಯನ್ನು ಸಕ್ಕರೆಯೊಂದಿಗೆ ಎಷ್ಟು ತಿರುವಿದರೂ ಗಾಳಿ ಅದರೊಳಗೆ ನಿಲ್ಲುವುದಿಲ್ಲ. ಓವನ್ನಿನಲ್ಲಿ ಮೊಟ್ಟೆ ಮತ್ತು ಮೈದಾ ಬೆಂದು ಆಕಾರ ಹಿಡಿಯುವುದಕ್ಕೆ ಮೊದಲೇ ಅದು ಪೂರ್ತಿ ಕರಗಿ ಹಿಟ್ಟನ್ನು ಹರಿಸಿಬಿಡುತ್ತದೆ. ಈಗ ನಾನು ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಬೇಸಿಗೆಯಲ್ಲಿ ಹತ್ತು ನಿಮಿಷ ಮಾತ್ರ ಹೊರಗಿಡುತ್ತೇನೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡಿನ ಹೊಳಪು ಹತ್ತಬಾರದು.

ಬಳಿಕ ಒಂದೇ ಹಿಟ್ಟನ್ನು ಎರಡು ಪಾಲು ಮಾಡಿ ಪರೀಕ್ಷಿಸಿದೆ. ತಲಾ 30 ಗ್ರಾಮಿನ ಉಂಡೆಗಳಲ್ಲಿ ಅರ್ಧವನ್ನು ಕೂಡಲೇ, ಉಳಿದವನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, 175 ಡಿಗ್ರಿಯಲ್ಲಿ ಬೇಯಿಸಿದೆ. ಮೊದಲಿನವು ಸುಮಾರು 9 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ, ತಣ್ಣಗಾದವು 7ರಲ್ಲಿ ನಿಂತು ನಡುವೆ ದಪ್ಪವಾಗಿಯೇ ಉಳಿದವು. ತಣ್ಣನೆಯ ಬೆಣ್ಣೆ ನಿಧಾನವಾಗಿ ಕರಗುತ್ತದೆ, ಅಷ್ಟರಲ್ಲಿ ಮೈದಾ ಕೂಡ ತೇವವನ್ನು ಹೀರಿಕೊಂಡಿರುತ್ತದೆ. ಆದರೆ ಫ್ರೀಜರಿನಲ್ಲಿ ಕಲ್ಲಾದ ಉಂಡೆಯನ್ನು ನೇರವಾಗಿ ಅಷ್ಟೇ ಹೊತ್ತು ಬೇಯಿಸಿದರೆ ಅಂಚು ಬೆಂದು ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಇನ್ನೊಂದು ಮಾತು: ಮೊದಲ ಸರದಿಯ ಬಿಸಿ ತಟ್ಟೆಯ ಮೇಲೆ ಎರಡನೆಯ ಸರದಿಯನ್ನಿಟ್ಟರೆ ಫ್ರಿಜ್ಜಿನ ಶ್ರಮವೆಲ್ಲ ವ್ಯರ್ಥ.

ಗಟ್ಟಿತನಕ್ಕೆ ಸಕ್ಕರೆಯೂ ಕಾರಣವೆಂಬುದು ನನಗೆ ತಡವಾಗಿ ತಿಳಿಯಿತು. ಬಿಳಿ ಸಕ್ಕರೆ ಬಿಸಿಯಲ್ಲಿ ಪಾಕವಾಗಿ ಹಿಟ್ಟನ್ನು ಹರಡಿಸುತ್ತದೆ, ಆರಿದಾಗ ಅದೇ ಪಾಕ ಬಿಗಿದು ಗರಿಗರಿಯಾಗುತ್ತದೆ. 120 ಗ್ರಾಂ ಸಕ್ಕರೆಯಲ್ಲಿ 60 ಗ್ರಾಮಿನ ಬದಲು ಜರಡಿ ಹಿಡಿದ ಬೆಲ್ಲದ ಪುಡಿಯನ್ನು ಹಾಕಿದಾಗ ಕುಕೀಸ್ ಮರುದಿನವೂ ಮೆತ್ತಗಿದ್ದವು, ಏಕೆಂದರೆ ಬೆಲ್ಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜರಡಿ ಹಿಡಿಯದ ಪುಡಿಯ ಗಂಟುಗಳು ಮಾತ್ರ ಅಲ್ಲಲ್ಲಿ ಕರಗಿ ಕಪ್ಪು ಕಲೆಗಳಾಗುತ್ತವೆ. ಬೆಲ್ಲ ಹಾಕಿದವು ಬೇಗನೆ ಕಂದುವುದರಿಂದ ಬಣ್ಣವನ್ನು ನೋಡಿ ಬೆಂದಿತೆಂದು ನಿರ್ಧರಿಸುವಂತಿಲ್ಲ. ಅಂಚು ಗಟ್ಟಿಯಾಗಿ, ನಡುಭಾಗ ಮುಟ್ಟಿದರೆ ಇನ್ನೂ ಮೆದುವಾಗಿರುವಾಗಲೇ, ಸುಮಾರು 12ನೇ ನಿಮಿಷಕ್ಕೆ ಹೊರತೆಗೆದು ಐದು ನಿಮಿಷ ತಟ್ಟೆಯಲ್ಲೇ ಬಿಡುತ್ತೇನೆ. ಉಳಿದ ಬೇಯುವಿಕೆ ಆ ಬಿಸಿಯಲ್ಲೇ ಮುಗಿಯುತ್ತದೆ.